‘ಹಣ ಮುಟ್ಟಿದೆ, ತಕರಾರು ಹಾಗೇ ಇದೆ’ ಅನ್ನೋದನ್ನ ಹೇಗೆ ಬರೆಯಬೇಕು?

ಮಹಾಂತೇಶ, ನವನಗರ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಒಂದು ವಾಕ್ಯಕ್ಕೆ ನಿಮ್ಮ ಸಹಾಯ ಬೇಕು, ಸ್ವಲ್ಪ ಅವಸರವೂ ಇದೆ.

ನಮ್ಮ ಸೋದರಮಾವ ಈ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿದ್ದರು. 2023ರ ಮೇ ಕೊನೆಗೆ ನಿವೃತ್ತರಾದರು. ಮೊದಲ 8 ವರ್ಷ ಕಬ್ಬು ನುರಿಸುವ ಹಂಗಾಮಿನಲ್ಲಿ ಮಾತ್ರ ಕೆಲಸ, ಆಮೇಲೆ 14 ವರ್ಷ ಕಾಯಂ. ಕೊನೆಯ ಮೂಲ ವೇತನ, ತುಟ್ಟಿಭತ್ಯೆ ಸೇರಿ 20,800 ರೂಪಾಯಿ. 26ರಿಂದ ಭಾಗಿಸಿದರೆ ದಿನಕ್ಕೆ 800. ವರ್ಷಕ್ಕೆ 15 ದಿನದಂತೆ 14 ವರ್ಷಕ್ಕೆ 1,68,000 ಗ್ರ್ಯಾಚುಟಿ ಆಗುತ್ತದೆ, ಅದನ್ನು ಕೊಡಲು ಕಾರ್ಖಾನೆ ತಯಾರಿದೆ. ಹಂಗಾಮಿನ ಕೆಲಸಕ್ಕೂ ಒಂದೊಂದು ಹಂಗಾಮಿಗೆ 7 ದಿನದ ಲೆಕ್ಕ ಇದೆಯಲ್ಲ, ಆ 8 ಹಂಗಾಮಿನ 44,800 ಮಾತ್ರ ಕೊಡಲ್ಲ ಅಂತಾರೆ.

ಈಗ ಒಂದು ಛಾಪಿಸಿದ ಕಾಗದ ಕೊಟ್ಟಿದ್ದಾರೆ. ಅದರಲ್ಲಿರುವ ಮಾತು ಹೀಗಿದೆ: ‘ನನ್ನ ಸೇವೆಯ ಎಲ್ಲ ಬಾಕಿಗಳ ಪೂರ್ಣ ಮತ್ತು ಅಂತಿಮ ತೀರುವಳಿಯಾಗಿ ರೂ. 1,68,000 ಒಪ್ಪಿ ಸ್ವೀಕರಿಸಿದ್ದೇನೆ. ಇನ್ನು ಮುಂದೆ ನನ್ನ ಯಾವುದೇ ಹಕ್ಕು ಇರುವುದಿಲ್ಲ.’ ಮಾವನಿಗೆ ಈ ಹಣ ಬೇಕು, ಮಗಳ ಮದುವೆ ಹತ್ತಿರ ಬಂದಿದೆ. ಆದರೆ ಆ 44,800 ಕೂಡ ಬಿಡಲು ಮನಸ್ಸಿಲ್ಲ. ಅದಕ್ಕೆ ಸಹಿಯ ಮೇಲೆ ಕೈಯಿಂದ ಒಂದು ಸಾಲು ಬರೆಯೋಣ ಅಂತ ‘ವಿದೌಟ್ ಪ್ರೆಜುಡೀಸ್’, ‘ಅಂಡರ್ ಪ್ರೊಟೆಸ್ಟ್’ ಎರಡನ್ನೂ ಕನ್ನಡಕ್ಕೆ ತಂದು ಹೀಗೆ ಬರೆದೆ:

‘ಪೂರ್ವಾಗ್ರಹವಿಲ್ಲದೆ, ಪ್ರತಿಭಟನೆಯೊಂದಿಗೆ, 8 ಹಂಗಾಮಿನ ಹಕ್ಕು ಬಿಟ್ಟು ಹಣ ಸ್ವೀಕರಿಸಿದ್ದೇನೆ.’

ಮಾವ ಎರಡು ಸಲ ಓದಿ, ‘ಯಾರ ಮೇಲೆ ಪೂರ್ವಾಗ್ರಹ? ನಾನು ಯಾವಾಗ ಪ್ರತಿಭಟನೆ ಮಾಡಿದೆ?’ ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಸರಿಯಾದ ಮಾತು ಯಾವುದು?

ಗುರುಪ್ರಸಾದ್, ಮೈಸೂರು

ಸರ್, ಇದಕ್ಕೆ ‘ಕಾರ್ಯಮುಕ್ತಿ ಪತ್ರ’ ಅನ್ನಿ. ‘ಬಿಡುಗಡೆ ಆದೇಶ’ ಅಂತಲೂ ಬರೆಯುತ್ತಾರೆ. ನಾನು ಶಾಲೆ ಬದಲಿಸಿದಾಗ ನನಗೆ ಕೊಟ್ಟಿದ್ದು ಅದೇ, ಅದರ ಜೊತೆಗೆ ಒಂದು ಬೇಬಾಕಿ ಪ್ರಮಾಣಪತ್ರ.

ಮಹಾಂತೇಶ

ಗುರುಪ್ರಸಾದ್ ಸರ್, ಅದು ನೌಕರನನ್ನು ಕೆಲಸದಿಂದ ಬಿಡಿಸುವ ಕಾಗದ. ಬೇಬಾಕಿ ಅಂದರೆ ನೌಕರನಿಂದ ಸಂಸ್ಥೆಗೆ ಏನೂ ಬಾಕಿ ಇಲ್ಲ ಅಂತ. ಇಲ್ಲಿ ಸಂಸ್ಥೆಯಿಂದ ನೌಕರನಿಗೆ ಬಾಕಿ ಇಲ್ಲ ಅಂತ ನೌಕರನೇ ಬರೆದು ಕೊಡಬೇಕು. ದಿಕ್ಕು ಉಲ್ಟಾ.

ಇರ್ಫಾನ, ವಿಜಯಪುರ

ಅಣ್ಣಾ, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಮೂರು ವರ್ಷದ ಹಿಂದೆ ನಮ್ಮ ಬಟ್ಟೆ ಅಂಗಡಿಗೆ ಬೆಂಕಿ ಬಿದ್ದಾಗ ವಿಮೆಯವರು ಇಂಥದೇ ವೋಚರ್ ಕೊಟ್ಟರು. ಕೇಳಿದ್ದಕ್ಕಿಂತ ಕಡಿಮೆ ಹಣ ಇತ್ತು, ಆದರೂ ಸಹಿ ಹಾಕಿದೆ, ಆಮೇಲೆ ಗ್ರಾಹಕರ ಆಯೋಗಕ್ಕೆ ಹೋದೆ. ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ ಅಂತ ನಮ್ಮ ವಕೀಲರು ಅಂದರು. ಏನು ಬೇಕಾದರೂ ಬರೆದಿರಲಿ, ಸಹಿ ಹಾಕಿ ಹಣ ತಗೊಳ್ಳಿ.

ಸರೋಜಾ, ಬೆಳಗಾವಿ

ಇರ್ಫಾನ ಅವರ ಮಾತು ಅರ್ಧ ಸರಿ. ನಾನು ಇಲ್ಲಿನ ನ್ಯಾಯಾಲಯದಲ್ಲಿ ಬಹಳ ವರ್ಷ ಭಾಷಾಂತರ ಮಾಡಿದವಳು, ಇಂಥ ಕಾಗದ ದಿನಾ ಕೈಗೆ ಬರುತ್ತಿದ್ದವು. 1999ರ ಆ ತೀರ್ಪು ವಿಮೆಯ ವೋಚರಿನದು. ಸಹಿ ಹಾಕಿದ ಮಾತ್ರಕ್ಕೆ ದಾರಿ ಮುಚ್ಚಲ್ಲ ಅಂತ ಅದು ಹೇಳಿದ್ದು ನಿಜ. ಆದರೆ ಮೋಸದಿಂದಲೋ ಒತ್ತಾಯದಿಂದಲೋ ಸಹಿ ತಗೊಂಡರು ಅಂತ ಸಹಿ ಹಾಕಿದವರೇ ತೋರಿಸಬೇಕು ಅಂತಲೂ ಹೇಳಿದೆ. 2014ರಲ್ಲಿ ಇನ್ನೊಂದು ವಿಮೆ ಪ್ರಕರಣ ಬಂತು. ಅಲ್ಲಿ ಕಂಪನಿಯೊಂದು ವೋಚರಿಗೆ ಸಹಿ ಹಾಕಿ, ಸುಮಾರು ಮೂರು ವಾರ ಕಳೆದ ಮೇಲೆ ‘ಒತ್ತಾಯ ಮಾಡಿದರು’ ಅಂತ ಪತ್ರ ಬರೆಯಿತು. ಬರೀ ಮಾತು ಸಾಲದು, ಇದು ಆಮೇಲೆ ಹೊಳೆದ ಯೋಚನೆ ಅಂತ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಅದಕ್ಕೇ ಸಹಿ ಹಾಕುವಾಗಲೇ ಅದೇ ಕಾಗದದ ಮೇಲೆ ಬರೆದ ಒಂದು ಸಾಲಿಗೆ ಇರುವ ಬೆಲೆ ಆಮೇಲಿನ ಹತ್ತು ಪತ್ರಕ್ಕೆ ಇರಲ್ಲ.

ಈಗ ಪದಕ್ಕೆ ಬರೋಣ. ‘ಪೂರ್ವಾಗ್ರಹ’ ಪೂರ್ತಿ ತಪ್ಪು. ಇಲ್ಲಿ ಪ್ರೆಜುಡೀಸ್ ಅಂದರೆ ಮನಸ್ಸಿನ ಪಕ್ಷಪಾತ ಅಲ್ಲ, ಹಕ್ಕಿಗೆ ಆಗುವ ಬಾಧೆ. ‘ನನ್ನ ಹಕ್ಕಿಗೆ ಧಕ್ಕೆ ಬಾರದಂತೆ’ ಅಥವಾ ‘ಬಾಧೆಯಾಗದಂತೆ’ ಅಂದರೆ ಸಾಕು. ‘ಪ್ರತಿಭಟನೆ’ ಅಂದರೆ ಓದುವವರಿಗೆ ಡಿಸಿ ಆಫೀಸಿನ ಮುಂದೆ ಧರಣಿ ಕೂತ ಚಿತ್ರ ಬರುತ್ತದೆ. ನಮ್ಮ ಕಡೆ ಇದಕ್ಕೆ ಒಳ್ಳೆಯ ಮಾತಿದೆ: ‘ತಕರಾರು’.

ಆದರೆ ನನಗೆ ಜಾಸ್ತಿ ಹೆದರಿಕೆ ಆಗಿದ್ದು ಮೂರನೇ ತುಂಡು ನೋಡಿ. ‘8 ಹಂಗಾಮಿನ ಹಕ್ಕು ಬಿಟ್ಟು ಹಣ ಸ್ವೀಕರಿಸಿದ್ದೇನೆ.’ ಈ ‘ಬಿಟ್ಟು’ ಏನು? ‘ಅದೊಂದನ್ನು ಹೊರತುಪಡಿಸಿ’ ಅಂತ ನೀವು ಬರೆದಿದ್ದೀರಿ. ಕಾರ್ಖಾನೆ ವಕೀಲರು ‘ಆ ಹಕ್ಕು ಬಿಟ್ಟುಕೊಟ್ಟು ಈ ಹಣ ತಗೊಂಡಿದ್ದಾನೆ’ ಅಂತ ಓದುತ್ತಾರೆ. ಎರಡೂ ಶುದ್ಧ ಕನ್ನಡವೇ. ಹಕ್ಕು ಉಳಿಸಿಕೊಳ್ಳಲು ಬರೆದ ಸಾಲೇ ಹಕ್ಕು ಕಳೆಯುತ್ತದೆ.

ಮಹಾಂತೇಶ

ಸರೋಜಾ ಮೇಡಂ, ‘ಬಿಟ್ಟು’ ಹೀಗೂ ಓದಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಇದನ್ನು ಓದಿದ ಮೇಲೆ ಮಾವನಿಗೂ ತೋರಿಸಿದೆ, ಅವರು ಆ ಕರಡನ್ನು ಹರಿದೇ ಹಾಕಿದರು.

ಶಾಂತಾ, ಹಳೇ ಬಾಗಲಕೋಟೆಯವಳು, ಈಗ ವಿದ್ಯಾಗಿರಿ

‘ತಕರಾರು’ ಅಂದ ಕೂಡಲೇ ನಮ್ಮ ಅಪ್ಪನ ನೆನಪಾಯಿತು. ಆಲಮಟ್ಟಿ ಹಿನ್ನೀರಿಗೆ ನಮ್ಮ ಮನೆ ಹೋಯಿತು. ಪರಿಹಾರದ ಹಣ ತಗೊಳ್ಳುವ ದಿನ ಪಕ್ಕದ ಮನೆಯ ಮೇಷ್ಟ್ರು ಅಪ್ಪನಿಗೆ, ‘ಸುಮ್ನೆ ಸಹಿ ಹಾಕಬೇಡ, ತಕರಾರಿನ ಮೇಲೆ ಪಡೆದಿದ್ದೇನೆ ಅಂತ ಬರಿ’ ಅಂತ ಹೇಳಿಕೊಟ್ಟರು. ಅಪ್ಪನಿಗೆ ಓದು ಕಡಿಮೆ, ಆ ಮೂರು ಪದ ಮನೆಯಲ್ಲಿ ಪಾಟಿಯ ಮೇಲೆ ಬರೆದು ಬರೆದು ಕಲಿತು ಹೋದರು. ಅದರ ಮೇಲೆ ಕೋರ್ಟಿಗೆ ಹೋಗಿ ಜಾಸ್ತಿ ಪರಿಹಾರ ಪಡೆದರು. ಬರೆಯದ ಚಿಕ್ಕಪ್ಪನ ಅರ್ಜಿ ನಿಲ್ಲಲಿಲ್ಲ. ಮಹಾಂತೇಶ ಅವರೇ, ನೀವೂ ಆ ಮೂರು ಪದ ಬರೆಯಿರಿ, ಸಾಕು.

ಸರೋಜಾ

ಶಾಂತಾ ಅವರೇ, ನಿಮ್ಮ ಮೇಷ್ಟ್ರು ಸರಿಯಾಗಿಯೇ ಹೇಳಿದ್ದರು. 1894ರ ಭೂಸ್ವಾಧೀನ ಕಾಯ್ದೆಯ 31ನೇ ಕಲಮಿನಲ್ಲೇ ಅದಿತ್ತು: ಮೊತ್ತ ಸಾಲದು ಅಂತ ತಕರಾರು ಇಟ್ಟು ಹಣ ಪಡೆಯಬಹುದು, ತಕರಾರು ಇಲ್ಲದೆ ಪಡೆದವರು ಜಾಸ್ತಿ ಕೇಳಿ ಅರ್ಜಿ ಹಾಕುವಂತಿಲ್ಲ. 2013ರ ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಆದರೆ ಅಲ್ಲಿ ಆ ಪದಕ್ಕೆ ಕಾಯ್ದೆಯೇ ಅರ್ಥ ಕೊಟ್ಟಿದೆ, ತಕರಾರು ಮೊತ್ತದ ಬಗ್ಗೆ ಅಂತ ಎಲ್ಲರಿಗೂ ಗೊತ್ತು. ಕಾರ್ಖಾನೆ ಕಾಗದದಲ್ಲಿ ಬರೀ ‘ತಕರಾರಿನ ಮೇಲೆ’ ಅಂದರೆ ಯಾವುದರ ಬಗ್ಗೆ ಅನ್ನೋ ಪ್ರಶ್ನೆ ಉಳಿಯುತ್ತದೆ. ಯಾವ ಬಾಬ್ತು, ಎಷ್ಟು ಹಣ, ಎರಡೂ ಬರೆಯಬೇಕು.

ಇನ್ನೊಂದು ವಿಷಯ. ಛಾಪಿಸಿದ ವಾಕ್ಯದಲ್ಲಿ ‘ಒಪ್ಪಿ ಸ್ವೀಕರಿಸಿದ್ದೇನೆ’ ಅಂತ ಇದೆ. ನಮ್ಮಲ್ಲಿ ಹಣ ‘ಮುಟ್ಟುವುದು’ ಬೇರೆ, ಲೆಕ್ಕ ‘ಒಪ್ಪುವುದು’ ಬೇರೆ. ಸಾಲ ಕೊಟ್ಟವರು ‘ಐದು ಸಾವಿರ ಮುಟ್ಟಿತು’ ಅಂತ ಬರೆದು ಕೊಟ್ಟರೆ ಸಾಲ ಚುಕ್ತಾ ಆಯಿತು ಅಂತ ಯಾರೂ ತಿಳಿಯಲ್ಲ. ‘ಮುಟ್ಟಿದೆ’ ನಡೆದ ಸಂಗತಿ ಹೇಳುತ್ತದೆ, ಒಪ್ಪಿಗೆ ಕೊಡಲ್ಲ. ‘ಪೂರ್ತಿ’ ಎಲ್ಲಿ ಬರುತ್ತದೆ ಅನ್ನೋದನ್ನೂ ನೋಡಿ. ‘1,68,000 ಪೂರ್ತಿ ಮುಟ್ಟಿದೆ’ ಅಂದರೆ ಆ ಮೊತ್ತದಲ್ಲಿ ಕಡಿತ ಇಲ್ಲ ಅಂತ ಅಷ್ಟೇ. ‘ನನ್ನ ಬಾಕಿ ಪೂರ್ತಿ ಮುಟ್ಟಿದೆ’ ಅಂದರೆ ಕಥೆ ಮುಗಿಯಿತು.

ಗುರುಪ್ರಸಾದ್

ಈಗ ಅರ್ಥವಾಯಿತು, ನಾನು ಬೇರೆ ಕಾಗದ ಅಂದುಕೊಂಡಿದ್ದೆ. ಒಂದು ಸಂಶಯ. ‘ಹಂಗಾಮಿ ಸೇವೆ’ ಅಂದರೆ ನಮ್ಮ ಕಡೆ ತಾತ್ಕಾಲಿಕ ಸೇವೆ. ಹಂಗಾಮಿ ಸ್ಪೀಕರ್, ಹಂಗಾಮಿ ಪ್ರಾಂಶುಪಾಲ ಅಂತೀವಲ್ವಾ? ತಾತ್ಕಾಲಿಕದವರಿಗೆ ಗ್ರ್ಯಾಚುಟಿ ಯಾಕೆ ಅಂತ ಅವರು ಕೇಳಬಹುದು.

ಮಹಾಂತೇಶ

ಸರ್, ಕಾರ್ಖಾನೆಯವರು ಹೇಳ್ತಿರೋದೂ ಅದೇ! ಹಾಜರಿ ಪುಸ್ತಕದಲ್ಲಿ ‘ಹಂಗಾಮಿ ಕಾಮಗಾರ’ ಅಂತ ಇದೆ, ಟೆಂಪರರಿ ಅಂತ ಈಗ ವಾದ. ಆದರೆ ಮಾವ ಪ್ರತಿ ವರ್ಷ ಬಾಯ್ಲರ್ ಹೊತ್ತಿಸಿದ ದಿನದಿಂದ ಹಂಗಾಮು ಮುಗಿಯುವ ತನಕ ಅದೇ ವಿಭಾಗದಲ್ಲಿ ಕೆಲಸ ಮಾಡಿದ್ದಾರೆ, ಒಂದು ಹಂಗಾಮೂ ತಪ್ಪಿಸಿಲ್ಲ.

ಸರೋಜಾ

ಹಾಗಾದರೆ ನೀವು ಬರೆಯುವ ಕಾಗದದಲ್ಲಿ ‘ಹಂಗಾಮಿ’ ಪದವನ್ನು ಮುಟ್ಟಲೇಬೇಡಿ. ಮರಾಠಿಯಲ್ಲಿ ‘ಹಂಗಾಮಿ’ಗೆ ಎರಡೂ ಅರ್ಥ ಇವೆ, ನಮ್ಮ ಗಡಿ ಸೀಮೆಯ ಕಾರ್ಖಾನೆಗಳಿಗೆ ಆ ಬಳಕೆ ಅಲ್ಲಿಂದಲೇ ಬಂದಿದೆ. ‘ಕಬ್ಬು ನುರಿಸುವ 8 ಹಂಗಾಮುಗಳಲ್ಲಿ ಮಾಡಿದ ಕೆಲಸ’ ಅಂತ ಬಿಡಿಸಿ ಬರೆಯಿರಿ. ಹಂಗಾಮಿನಲ್ಲಿ ಕಾರ್ಖಾನೆ ನಡೆದ ದಿನಗಳಲ್ಲಿ ನೂರಕ್ಕೆ 75ರಷ್ಟಾದರೂ ದುಡಿದಿದ್ದರೆ ಅದು ನಿರಂತರ ಸೇವೆ ಅಂತ ಗ್ರ್ಯಾಚುಟಿ ಕಾಯ್ದೆ ಹೇಳುತ್ತದೆ. ಹಾಜರಿಯ ನಕಲು, ಹಳೇ ಪಗಾರ ಚೀಟಿ ಹುಡುಕಿ ಇಡಿ.

ಇರ್ಫಾನ

ಮೇಡಂ, ಗ್ರ್ಯಾಚುಟಿಯನ್ನು ಯಾವ ಒಪ್ಪಂದವೂ ಕಿತ್ತುಕೊಳ್ಳುವಂತಿಲ್ಲ ಅಂತಾರಲ್ಲ? ಹಾಗಿದ್ದರೆ ಏನು ಬರೆದರೇನು?

ಸರೋಜಾ

ನಿಜ, ಮಹಾಂತೇಶ ಅವರ ಮಾವ ನಿವೃತ್ತರಾದಾಗ ಜಾರಿಯಲ್ಲಿದ್ದ 1972ರ ಗ್ರ್ಯಾಚುಟಿ ಕಾಯ್ದೆಯ 14ನೇ ಕಲಮು ಹಾಗೇ ಹೇಳುತ್ತದೆ. ಬೇರೆ ಯಾವ ಕರಾರಿನಲ್ಲಿ ಏನೇ ಇದ್ದರೂ ಕಾಯ್ದೆಯ ಮಾತೇ ಮೇಲು. ಹಾಗಂತ ಸುಮ್ನೆ ಸಹಿ ಹಾಕಿದರೆ, ‘ಎಷ್ಟು ಸೇವೆ ಅನ್ನೋದರ ಬಗ್ಗೆಯೇ ಜಗಳ ಇತ್ತು, ಮಾತಾಡಿ 14 ವರ್ಷ ಅಂತ ಒಪ್ಪಿದರು’ ಅನ್ನೋ ವಾದ ಬರುತ್ತದೆ. ಆ ವಾದ ಗೆಲ್ಲುತ್ತೋ ಇಲ್ಲವೋ ನಾನು ಹೇಳಲಾರೆ, ಅದಕ್ಕೆ ಉತ್ತರ ಕೊಡೋದರಲ್ಲೇ ಎರಡು ವರ್ಷ ಹೋದದ್ದನ್ನು ಮಾತ್ರ ನೋಡಿದ್ದೇನೆ. ಕಾರ್ಖಾನೆ ತನ್ನ ಮಾತಿನ ಮೇಲೆ ಕೊಡುವ ಇನ್ಸೆಂಟಿವ್‌ನಂಥ ಬಾಬ್ತುಗಳಿಗೆ ಈ ಕಲಮಿನ ರಕ್ಷಣೆಯೂ ಇಲ್ಲ.

ನನ್ನ ಕರಡು ಇದು. ಸಹಿಯ ಕೆಳಗಲ್ಲ, ಸಹಿಯ ಮೇಲೆ ಬರೆಯಿರಿ:

‘14 ವರ್ಷದ ಕಾಯಂ ಸೇವೆಯ ಗ್ರ್ಯಾಚುಟಿ ಬಾಬ್ತು ರೂ. 1,68,000 ಮುಟ್ಟಿದೆ. ಅದಕ್ಕೆ ಹಿಂದೆ ಕಬ್ಬು ನುರಿಸುವ 8 ಹಂಗಾಮುಗಳಲ್ಲಿ ಮಾಡಿದ ಕೆಲಸದ ಗ್ರ್ಯಾಚುಟಿ ರೂ. 44,800 ಇದರಲ್ಲಿ ಸೇರಿಲ್ಲ. ಅದರ ಬಗ್ಗೆ ನನ್ನ ತಕರಾರು ಇದೆ. ಆ ಹಕ್ಕನ್ನು ನಾನು ಬಿಟ್ಟುಕೊಟ್ಟಿಲ್ಲ, ಈ ಹಣ ಪಡೆದದ್ದರಿಂದ ಅದಕ್ಕೆ ಧಕ್ಕೆ ಇಲ್ಲ. ಮೇಲೆ ಛಾಪಿಸಿದ ಮಾತು ಇದಕ್ಕೆ ಒಳಪಟ್ಟಿದೆ.’

ಕೊನೆಯ ಸಾಲು ಮರೆಯಬೇಡಿ. ಅದಿಲ್ಲದಿದ್ದರೆ ಒಂದೇ ಹಾಳೆಯಲ್ಲಿ ಎರಡು ವಿರುದ್ಧ ಮಾತು ನಿಲ್ಲುತ್ತವೆ. ಆಮೇಲೆ ಒಂದು ನಕಲಿನ ಮೇಲೆ ಕಚೇರಿಯ ಸಿಕ್ಕಾ, ತಾರೀಖು ಹಾಕಿಸಿಕೊಳ್ಳಿ.

ಮಹಾಂತೇಶ

ಇವತ್ತು ಹೋಗಿದ್ದೆವು. ಮಾವ ತಮ್ಮ ಕೈಯಿಂದಲೇ ಬರೆದರು, ಅರ್ಧ ಹಾಳೆ ತುಂಬಿತು. ಗುಮಾಸ್ತರು ಓದಿ, ‘ಮಿಕ್ಕಿದ್ದು ಇರಲಿ, ಮುಟ್ಟಿದೆ ಅನ್ನೋದನ್ನ ಒಪ್ಪಿ ಸ್ವೀಕರಿಸಿದ್ದೇನೆ ಅಂತ ಮಾಡಿ’ ಅಂದರು. ಮಾವ ಒಪ್ಪಲಿಲ್ಲ. ಕಾಗದ ಒಳಗೆ ಹೋಯಿತು, ಆದರೆ ನಕಲಿನ ಮೇಲೆ ಸಿಕ್ಕಾ ಹಾಕಲು ಸಾಹೇಬರು ಬರಬೇಕಂತೆ. ನಾನು ಕೊಡುವ ಮೊದಲೇ ಫೋಟೋ ತೆಗೆದಿದ್ದೆ. ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ ಅದೇ ಮಾತುಗಳ ಪತ್ರವನ್ನು ಇವತ್ತಿನ ತಾರೀಖಿನಲ್ಲೇ ರಿಜಿಸ್ಟರ್ ಮಾಡಿದೆವು, ಸ್ವೀಕೃತಿ ಚೀಟಿ ಸಮೇತ. ಹಣ ಇನ್ನೂ ಖಾತೆಗೆ ಬಂದಿಲ್ಲ, ಸೋಮವಾರ ಬನ್ನಿ ಅಂದಿದ್ದಾರೆ.