ಅಪ್‌ಡೇಟ್: ಎನ್‌ಜಿಒ ಕೆಲಸ ಬಿಡಲಾ ಅಂತ ಕೇಳಿದ್ದೆ

ನಾನು ಕೇಳಿದ್ದು: “ಎಂಎಸ್‌ಡಬ್ಲ್ಯೂ ಮುಗಿಸಿ ನಾಲ್ಕು ವರ್ಷ ಆಯ್ತು. ರಾಯಚೂರು ಕಡೆ ಹಳ್ಳಿಗಳಲ್ಲಿ ಕೆಲಸ, ಸಂಬಳ 19 ಸಾವಿರ. ಕೆಲಸ ಇಷ್ಟ, ಆದರೆ ಇದರಲ್ಲೇ ಬದುಕೋಕೆ ಆಗುತ್ತಾ?”

ಸಂಸ್ಥೆ ಬಿಟ್ಟೆ, ಕ್ಷೇತ್ರ ಬಿಟ್ಟಿಲ್ಲ.

ನಿಮ್ಮಲ್ಲೊಬ್ಬರು “ನಿಮ್ಮ ಸಂಬಳ ಬಜೆಟ್‌ನ ಯಾವ ಸಾಲಲ್ಲಿದೆ ನೋಡಿ” ಅಂದಿದ್ದರು. ಅಕೌಂಟೆಂಟ್ ಅಣ್ಣನ ಪಕ್ಕ ಕೂತು ನೋಡಿದೆ. ನನ್ನ ಹೆಸರು ಒಂದೇ ಪ್ರಾಜೆಕ್ಟ್‌ನಲ್ಲಿತ್ತು, ಅದು ಮಾರ್ಚ್‌ಗೆ ಮುಗಿಯುತ್ತಿತ್ತು. ಮೊದಲು ದೊಡ್ಡ ಸಂಸ್ಥೆಯೊಂದು ತನಗೆ ಬಂದ ವಿದೇಶಿ ದೇಣಿಗೆಯಲ್ಲಿ ನಮಗೂ ಪಾಲು ಕೊಡುತ್ತಿತ್ತಂತೆ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಹಾಗೆ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆ ದುಡ್ಡಿನಲ್ಲಿ ಆಡಳಿತಕ್ಕೆ ಖರ್ಚು ಮಾಡುವ ಮಿತಿಯೂ ಶೇ 50ರಿಂದ 20ಕ್ಕೆ ಇಳಿಯಿತು. ಹಾಗಾಗಿ ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಶುರುವಾಗುವ ತನಕ ನಮ್ಮನ್ನು ಇಟ್ಟುಕೊಳ್ಳೋಕೆ ಸಂಸ್ಥೆ ಹತ್ತಿರ ದುಡ್ಡೇ ಇರಲಿಲ್ಲ. ಕೆಲಸದ ಮೇಲೆ ನನ್ನ ಪ್ರೀತಿ ಎಷ್ಟಿದ್ದರೂ ನಡುವಿನ ಆ ತಿಂಗಳುಗಳ ಬಾಡಿಗೆ ಯಾರು ಕಟ್ಟುತ್ತಾರೆ, ಅಲ್ವಾ?

ಆಮೇಲಿನ ಇಂಟರ್‌ವ್ಯೂಗಳಲ್ಲಿ ನಾನೇ ಕೇಳಿದೆ: ಈ ಹುದ್ದೆಗೆ ಎಷ್ಟು ವರ್ಷದ ಅನುದಾನ ಇದೆ, ಪಿಎಫ್ ಕಟ್ಟುತ್ತೀರಾ, ಬೈಕ್ ಪೆಟ್ರೋಲ್ ಸಂಬಳದಲ್ಲೇ ಸೇರಿದೆಯಾ? ಒಂದು ಕಡೆ ಮುಖ ಸಿಂಡರಿಸಿದರು. ಇನ್ನೊಂದು ಕಡೆ ಅನುದಾನದ ಪತ್ರವನ್ನೇ ತೋರಿಸಿದರು, ನಾನು ಅಲ್ಲೇ ಕೆಲಸಕ್ಕೆ ಸೇರಿಕೊಂಡೆ. ಮೂರು ವರ್ಷದ ದುಡ್ಡಿದೆ, ಸಂಬಳ 31 ಸಾವಿರ, ಪೆಟ್ರೋಲ್ ಬೇರೆ.

ಹೊಸ ಕೆಲಸದಲ್ಲಿ ಅರ್ಧ ದಿನ ಎಕ್ಸೆಲ್ ಶೀಟ್, ವರದಿ. ಸ್ವಸಹಾಯ ಸಂಘದ ಅಕ್ಕಂದಿರು ಸೆರಗಿನ ಗಂಟು ಬಿಚ್ಚಿ ವಾರದ ಉಳಿತಾಯ ಎಣಿಸುತ್ತಿದ್ದದ್ದು ಈಗ ತಿಂಗಳಿಗೆರಡು ಸಲ ಮಾತ್ರ ನೋಡಲು ಸಿಗುತ್ತೆ. ಅದು ಮಾತ್ರ ಬೇಜಾರು.