‘ಅನ್ನ ಬಿಡಿ’ ಅಂದ ಡಾಕ್ಟರ ಮಾತನ್ನು ಅಪ್ಪನಿಗೆ ಹೇಗೆ ಬರೆದುಕೊಡಲಿ?

ಕೇಳಿದವರು: ಅಪ್ಪನಿಗೆ 62 ವರ್ಷ, ಸಕ್ಕರೆ ಕಾಯಿಲೆ. ರಕ್ತದ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 9.1 ಬಂದಿದೆ. ಡಾಕ್ಟರು, “ಅನ್ನ ಬಿಡಿ, ಸಿಹಿ ಮುಟ್ಟಲೇಬೇಡಿ. ಬಾಯಿ ಕಟ್ಟದಿದ್ದರೆ ಕಾಲು ಹೋಗುತ್ತೆ” ಅಂದರು. ಅವತ್ತಿನಿಂದ ಅಪ್ಪ ನಮ್ಮ ಜೊತೆ ಊಟಕ್ಕೇ ಕೂರುತ್ತಿಲ್ಲ. ಇದನ್ನೇ ನೋಯದ ಹಾಗೆ ಒಂದು ಚೀಟಿಯಲ್ಲಿ ಬರೆಯಬೇಕು. ಅನುಭವ ಇರುವವರು ಹೇಳಿ.

ಒಬ್ಬ ಮಗಳು: ಕಾಯಿಲೆಯ ಸುದ್ದಿಯನ್ನೇ ಎತ್ತಬೇಡಿ. “ಎಲ್ಲಾ ಸ್ವಲ್ಪ ಸ್ವಲ್ಪ ತಿನ್ನಿ” ಅಂತ ಬರೆಯಿರಿ, ಸಾಕು. ಸಿಹಿ ಬೇಕೆಂದರೆ ಸಕ್ಕರೆ ಬದಲು ಜೇನುತುಪ್ಪ ಕೊಡಿ. ಅಮ್ಮನಿಗೆ ಹಾಗೇ ಮಾಡಿದೆವು. ಮನೆಯಲ್ಲಿ ಜಗಳ ನಿಂತಿತು.

ಆಹಾರ ಸಲಹೆ ಕೊಡುವವರು: ಜಗಳ ನಿಂತಿದ್ದು ದೊಡ್ಡದೇ. ಆದರೆ ಜೇನುತುಪ್ಪವೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಇನ್ನು ‘ಸ್ವಲ್ಪ’ ಅಂದರೆ ಒಬ್ಬರಿಗೆ ಎರಡು ಚಮಚ, ಇನ್ನೊಬ್ಬರಿಗೆ ಒಂದು ಬಟ್ಟಲು. ಮಾತು ಮೆತ್ತಗಾಗಲಿ, ಅಳತೆ ಮಾತ್ರ ಮಸುಕಾಗಬಾರದು.

ಕೇಳಿದವರಿಗೆ: ಬರೆಯುವ ಮೊದಲು ಅಪ್ಪನ ಮಾತ್ರೆ ಚೀಟಿ ನೋಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಇದ್ದರೆ, ಔಷಧ ಅಷ್ಟೇ ಇಟ್ಟು ಅನ್ನ ಒಮ್ಮೆಲೇ ನಿಲ್ಲಿಸಿದಾಗ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಕ, ಬೆವರು, ತಲೆ ಮಂಕಾಗುವುದು ಅದರ ಗುರುತು. ಅವರು ಒಬ್ಬರೇ ಊಟ ಮಾಡುತ್ತಿದ್ದಾರೆ ಅಂದಿರಿ, ಏನು ತಿನ್ನುತ್ತಿದ್ದಾರೆ ಅಂತ ನಿಮಗೆ ಗೊತ್ತಾ? ನನಗೆ ಮೊದಲ ಚಿಂತೆ ಅದೇ.

ಡಾಕ್ಟರ ಮಾತಿನಲ್ಲಿ ಒಂದು ಕೆಲಸ ಇದೆ, ಒಂದು ಬೈಗುಳ ಇದೆ, ಒಂದು ಹೆದರಿಕೆ ಇದೆ. ಅನ್ನ, ಸಿಹಿ ಕಡಿಮೆ ಆಗಬೇಕು ಅನ್ನುವುದು ಕೆಲಸ. ‘ಬಾಯಿ ಕಟ್ಟದಿದ್ದರೆ’ ಅನ್ನುವುದು ಬೈಗುಳ, ಅದನ್ನು ಪೂರ್ತಿ ತೆಗೆಯಿರಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

“ಅಪ್ಪಾ, ಇನ್ನು ನಾವೆಲ್ಲ ಒಂದೇ ಥರ ತಟ್ಟೆ ಹಾಕಿಕೊಳ್ಳೋಣ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಬೇಳೆ ಅಥವಾ ಮೊಟ್ಟೆ, ಕಾಲು ಭಾಗ ಅನ್ನ. ಮೊದಲು ತರಕಾರಿ, ಬೇಳೆ. ಅನ್ನ ಕೊನೆಗೆ. ಊಟ ಶುರುಮಾಡಿ ಎರಡು ಗಂಟೆಗೆ ಸಕ್ಕರೆ ನೋಡೋಣ. ಎಷ್ಟೇ ಬಂದರೂ ಅದು ನಿಮ್ಮ ತಪ್ಪಲ್ಲ. ಮುಂದಿನ ಊಟಕ್ಕೆ ಏನು ಬದಲಿಸಬೇಕು ಅಂತ ಅದರಿಂದ ಗೊತ್ತಾಗುತ್ತದೆ.”

‘ಪರೀಕ್ಷೆ ಮಾಡೋಣ’ ಅಂತ ಬರೆದಿಲ್ಲ, ಗಮನಿಸಿ. ಪರೀಕ್ಷೆ ಅಂದ ಕೂಡಲೇ ಪಾಸು, ಫೇಲು ನೆನಪಾಗುತ್ತದೆ. ಅಮೆರಿಕದ ಡಯಾಬಿಟಿಸ್ ಸಂಘ ಮತ್ತು ಡಯಾಬಿಟಿಸ್ ಶಿಕ್ಷಕರ ಸಂಘ 2017ರಲ್ಲಿ ಹೊರಡಿಸಿದ ಭಾಷೆಯ ಸಲಹೆಗಳಲ್ಲೂ ಈ ಮಾತಿದೆ.

ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರು: ಡಾಕ್ಟರ ಮೇಲೆ ದೂರು ಕೊಡುವ ವಿಷಯ ಅಂದುಕೊಂಡು ಓದಲು ಶುರುಮಾಡಿದೆ. ಅಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೂ ನನ್ನ ಕಥೆ ಹೇಳುತ್ತೇನೆ. ನನಗೆ ಒಬ್ಬ ಡಾಕ್ಟರು, “ನಾಲಿಗೆ ಚಪಲ ಬಿಡಲ್ಲ ಅಲ್ವಾ ನೀವು” ಅಂದಿದ್ದರು, ಹೆಂಡತಿಯ ಎದುರೇ. ಆಮೇಲೆ ನಾನು ದಿನದ ಸಕ್ಕರೆ ಬರೆದಿಡುವ ಪುಸ್ತಕದಲ್ಲಿ ಸುಳ್ಳು ಬರೆಯತೊಡಗಿದೆ. 240 ಬಂದರೆ 160 ಅಂತ. ಔಷಧ ಹೆಚ್ಚಿಸಬೇಕಿತ್ತು, ಪುಸ್ತಕ ನೋಡಿ ಯಾರೂ ಹೆಚ್ಚಿಸಲಿಲ್ಲ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದಲ್ಲ, ಅದರಲ್ಲಿ ಸಿಕ್ಕಿಬಿದ್ದೆ. ಹೆಂಡತಿ “ಏನು ತಿಂದಿರಿ?” ಅನ್ನುವುದು ಬಿಟ್ಟು “ಇವತ್ತು ಎಷ್ಟಿತ್ತು?” ಅಂತಷ್ಟೇ ಕೇಳತೊಡಗಿದಳು. ಆಗ ನಿಜ ಬರೆಯುವ ಧೈರ್ಯ ಬಂತು. ಕಾಲಿನ ಮಾತು ಬೇಡವೇ ಬೇಡ, ದಯವಿಟ್ಟು.

ಒಬ್ಬ ಮಗಳು: ಅಮ್ಮ ಬದಲಾಗಿದ್ದು ಕಾಲಿನ ಭಯದಿಂದಲೇ. ಅದನ್ನು ತೆಗೆದರೆ ಅವರು ಕೇಳುತ್ತಲೇ ಇರಲಿಲ್ಲ. ಇನ್ನೊಂದು ಮಾತು: ಡಾಕ್ಟರು ‘ಬಿಡಿ’ ಅಂದಿದ್ದಾರೆ, ನೀವು ‘ಕಾಲು ಭಾಗ ಹಾಕಿ’ ಅಂತೀರಿ. ನಾಳೆ ಅಪ್ಪ ಯಾರನ್ನು ನಂಬಬೇಕು?

ಆಹಾರ ಸಲಹೆ ಕೊಡುವವರು: ಸರಿಯಾದ ಪ್ರಶ್ನೆ. ಚೀಟಿ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, “ಕಾಲು ತಟ್ಟೆ ಅನ್ನ ಆಗಬಹುದಾ? ಮಾತ್ರೆ ಹೀಗೇ ಇರಲಾ?” ಅಂತ ಕೇಳಲೇಬೇಕು. ಬೇಡ ಅಂದರೆ ಆ ಸಾಲು ಬದಲಾಗುತ್ತದೆ. ಅವರಿಗೆ ಗೊತ್ತಿಲ್ಲದೆ ನಾವು ತಿದ್ದಬಾರದು.

ಕಾಲಿನ ಅಪಾಯ ನಿಜ, ಮುಚ್ಚಿಡಬೇಡಿ. ಅದನ್ನೂ ಕೆಲಸವಾಗಿ ಬರೆಯಬಹುದು: “ರಾತ್ರಿ ಮಲಗುವ ಮುಂಚೆ ಪಾದ ನೋಡಿಕೊಳ್ಳೋಣ. ಗಾಯ, ಗುಳ್ಳೆ ಕಂಡರೆ ಅವತ್ತೇ ಹೇಳಿ.” ಭಯ ಕೆಲವರನ್ನು ಎಬ್ಬಿಸುತ್ತದೆ, ನಿಜ. ನಾನು ಕಂಡವರಲ್ಲಿ ಜಾಸ್ತಿ ಜನ ಮುಂದಿನ ಭೇಟಿಗೆ ಬರುವುದನ್ನೇ ನಿಲ್ಲಿಸಿದರು.

ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರು: ಪಾದ ನೋಡುವ ಸಾಲು ಪರವಾಗಿಲ್ಲ. ‘ಗಾಯ’ ಅನ್ನುವ ಪದ ನನಗೆ ಈಗಲೂ ಚುಚ್ಚುತ್ತದೆ.

ಕೇಳಿದವರು: ಚೀಟಿ ನೋಡಿದೆ. ಬೆಳಿಗ್ಗೆ ಗ್ಲಿಮೆಪಿರೈಡ್ ಇದೆ. ಅಪ್ಪನನ್ನು ಕೇಳಿದೆ, ಎರಡು ದಿನದಿಂದ ಮಧ್ಯಾಹ್ನ ಬರೀ ಮಜ್ಜಿಗೆ ಕುಡಿಯುತ್ತಿದ್ದರಂತೆ. ನಿನ್ನೆ ಕೈ ನಡುಗಿತಂತೆ, ಯಾರಿಗೂ ಹೇಳಿರಲಿಲ್ಲ. ಈಗ ಸಕ್ಕರೆ ನೋಡಿದೆವು, 118 ಇದೆ. ಡಾಕ್ಟರಿಗೆ ಫೋನ್ ಮಾಡುತ್ತಿದ್ದೇನೆ.

ಆಹಾರ ಸಲಹೆ ಕೊಡುವವರು: ನಡುಕದ ವಿಷಯವನ್ನೇ ಮೊದಲು ಹೇಳಿ. ಅಲ್ಲಿಯವರೆಗೆ ಊಟ ತಪ್ಪಿಸದಿರಲಿ. ಮತ್ತೆ ನಡುಗಿದರೆ ತಕ್ಷಣ ಸಕ್ಕರೆ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ‘ಸಿಹಿ ಮುಟ್ಟಲೇಬೇಡಿ’ ಅಂದಿದ್ದಾರೆ ಅಂತ ಅವರು ಆಗಲೂ ಬೇಡ ಅನ್ನಬಹುದು. ಚೀಟಿಯಲ್ಲಿ ಅದನ್ನು ಬೇರೆ ಸಾಲಾಗಿ ಬರೆಯಿರಿ: “ಅಪ್ಪಾ, ಆ ಹೊತ್ತಲ್ಲಿ ಸಕ್ಕರೆಯೇ ಔಷಧ.”