ಎಸ್ಟಿಮೇಟ್ ಓದದೆ ಸಹಿ ಹಾಕಬೇಡ ಪುಟ್ಟಿ

"ಮಾವ, ನಿನ್ನೆ ಇವರು ಕಾರನ್ನು ಡಿವೈಡರ್‌ಗೆ ಗುದ್ದಿಬಿಟ್ಟರು. ಯಾರಿಗೂ ಏನೂ ಆಗಿಲ್ಲ. ಫುಲ್ ಇನ್ಶೂರೆನ್ಸ್ ಇದೆ, ಆದರೂ ಗ್ಯಾರೇಜಿನವರು ಹದಿನೈದು ಸಾವಿರದ ಹತ್ತಿರ ನೀವೇ ಕಟ್ಟಬೇಕಾಗಬಹುದು ಅನ್ನುತ್ತಿದ್ದಾರೆ. ಪಾರ್ಟ್ಸ್‌ಗೆ ಡೆಪ್ರಿಸಿಯೇಷನ್ ಕಟ್ ಆಗುತ್ತಂತೆ. ಹಾಗೆಲ್ಲ ಇರುತ್ತಾ?"

ಇರುತ್ತೆ ಪುಟ್ಟಿ, ಇರುತ್ತೆ. ಅಳಿಯಂದಿರಿಗೆ ಏನೂ ಆಗಿಲ್ಲ ಅಲ್ವಾ, ಅದು ದೊಡ್ಡದು. ಟೈಪ್ ಮಾಡಕ್ಕೆ ಬೆರಳು ನೋವು, ಅದಕ್ಕೆ ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಉದ್ದ ಆದರೆ ಬೈಯಬೇಡಿ. ಮೊದಲು ಒಂದು ಮಾತು. ಎಸ್ಟಿಮೇಟನ್ನು ಸಾಲು ಸಾಲಾಗಿ ಓದದೆ ಎಲ್ಲೂ ಸಹಿ ಹಾಕಬೇಡ. ನಾನು ಹಾಕಿ ಕೆಟ್ಟೆ.

ನಮ್ಮ ಬೆಳ್ಳಿ ಬಣ್ಣದ ಕಾರು ನಿಮಗೆಲ್ಲ ಗೊತ್ತಲ್ಲ. ಅದಕ್ಕಾಗ ನಾಲ್ಕೂವರೆ ವರ್ಷ. ತಿಪಟೂರಿನ ಹತ್ತಿರ ರಾತ್ರಿ ಹೊತ್ತು, ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗೆ ಹೋಗಿ ತಗುಲಿತು. ಓಡಿಸುತ್ತಿದ್ದವನು ನಾನಲ್ಲ, ಆ ಕತೆ ಆಮೇಲೆ. ಮುಂದಿನ ಬಂಪರ್ ಒಡೀತು, ಒಂದು ಹೆಡ್‌ಲೈಟ್ ಹೋಯ್ತು, ಬಾನೆಟ್ ಮಡಚಿಕೊಂಡಿತು, ಮುಂದಿನ ಗಾಜು ಬಿರುಕು ಬಿಟ್ಟಿತು. ಗ್ಯಾರೇಜಿನ ಹುಡುಗ "ಸಾರ್, ಎಲ್ಲಾ ಇನ್ಶೂರೆನ್ಸ್‌ನಲ್ಲಿ ಆಗುತ್ತೆ, ನೀವು ಒಂದು ಸಾವಿರ ಕಟ್ಟಿದರೆ ಸಾಕು" ಅಂದ. ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ ಬಂದೆ. ಕಾರು ತರಲು ಹೋದ ದಿನ ಹತ್ತೊಂಬತ್ತು ಸಾವಿರ ಕಟ್ಟಿ ಅಂದರು. ಬಿಲ್ಲು 52,000. ಕಂಪನಿ ಒಪ್ಪಿದ್ದು 33,000.

ನಾನು ಕೂಗಾಡಿದೆ. ಏನೂ ಪ್ರಯೋಜನವಾಗಲಿಲ್ಲ. ಆಮೇಲೆ ನಮ್ಮ ಬೀದಿಯಲ್ಲಿ ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದ ಒಬ್ಬರಿದ್ದಾರೆ, ಅವರ ಮನೆ ಜಗಲಿಯಲ್ಲಿ ಕೂತು ಆ ಕಾಗದ ಬಿಡಿಸಿಕೊಂಡೆ. ಆಗ ಗೊತ್ತಾಯಿತು, ಒಂದೊಂದು ವಸ್ತುವಿಗೆ ಒಂದೊಂದು ಲೆಕ್ಕ ಅಂತ.

ಬಂಪರ್ ಪ್ಲಾಸ್ಟಿಕ್. ಪ್ಲಾಸ್ಟಿಕ್, ರಬ್ಬರ್, ನೈಲಾನ್, ಟೈರು, ಬ್ಯಾಟರಿ, ಏರ್‌ಬ್ಯಾಗ್, ಇವುಗಳಿಗೆಲ್ಲ ಕಾರು ಹೊಸದಿರಲಿ ಹಳೇದಿರಲಿ, ಹೊಸ ಪಾರ್ಟಿನ ಬೆಲೆಯಲ್ಲಿ ನೇರವಾಗಿ ಅರ್ಧ ಕಳೆಯುತ್ತಾರೆ. 8,000ದ ಬಂಪರ್‌ಗೆ 4,000 ನನ್ನ ತಲೆಗೆ. ಹೆಡ್‌ಲೈಟ್ ಗಾಜು, ಅದಕ್ಕೇನೂ ಹೋಗಲ್ಲ ಅಂದುಕೊಂಡಿದ್ದೆ. ಈಗಿನ ಹೆಡ್‌ಲೈಟೂ ಪ್ಲಾಸ್ಟಿಕ್ಕೇ ಕಣಮ್ಮ! 9,000ಕ್ಕೆ 4,500 ಹೋಯ್ತು. ಮುಂದಿನ ಗಾಜು ಮಾತ್ರ ನಿಜವಾದ ಗಾಜು. ಗಾಜಿಗೆ ಕಡಿತ ಸೊನ್ನೆ, ಹಾಗಾಗಿ 7,000 ಪೂರ್ತಿ ಕೊಟ್ಟರು. ಗಾಜಿನ ಸುತ್ತ ಹಾಕುವ ರಬ್ಬರ್ ಬೀಡಿಂಗ್ ಬೇರೆ ಸಾಲಾಗಿ ಬರೆದಿದ್ದರೆ ಅದಕ್ಕೆ ಮತ್ತೆ ಅರ್ಧ.

ಬಾನೆಟ್ ಲೋಹ. ಲೋಹಕ್ಕೆ ಕಾರಿನ ವಯಸ್ಸು ನೋಡುತ್ತಾರೆ. ಮೊದಲ ಆರು ತಿಂಗಳು ಏನೂ ಇಲ್ಲ, ವರ್ಷದೊಳಗೆ ಶೇಕಡಾ 5, ಎರಡು ವರ್ಷದವರೆಗೆ 10, ಮೂರರವರೆಗೆ 15. ಆಮೇಲೆ ಜೋರಾಗಿ ಏರುತ್ತೆ. ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40, ಅದು ದಾಟಿದರೆ 50. ನನ್ನ ಕಾರಿಗೆ 35. ಹತ್ತು ಸಾವಿರದ ಬಾನೆಟ್‌ಗೆ 3,500. ಆ ಬಾನೆಟ್ ಟಿಂಕರಿಂಗ್‌ನಲ್ಲೇ ಸರಿಯಾಗುತ್ತಿತ್ತು ಅಂತ ನನಗೀಗಲೂ ಅನುಮಾನ. ಕೂಲಿಗೆ ಡೆಪ್ರಿಸಿಯೇಷನ್ ಇಲ್ಲ. ಬಡಿದು ಸರಿ ಮಾಡಿಸಿದರೆ ನಮಗೇನೂ ಕಡಿತವಿಲ್ಲ, ಹೊಸದು ಹಾಕಿಸಿದರೇ ಕಡಿತ. ಗ್ಯಾರೇಜಿನವನಿಗೆ ಹೊಸದು ಮಾರುವುದೇ ಲಾಭ, ಅಲ್ವಾ?

ಇಲ್ಲಿಯವರೆಗೆ 12,000 ಆಯಿತು. ಇನ್ನು ಪೇಂಟು. ನನ್ನ ಬಿಲ್ಲಿನಲ್ಲಿ "ಪೇಂಟಿಂಗ್ 12,000" ಅಂತ ಒಂದೇ ಸಾಲು. ಅದರಲ್ಲೂ ಅರ್ಧ, ಆರು ಸಾವಿರ, ಹೊಡೆದುಹಾಕಿದ್ದರು. ಅದು ತಪ್ಪು! ಅರ್ಧ ಕಳೆಯಬೇಕಾದ್ದು ಬಣ್ಣದ ಸಾಮಾನಿಗೆ ಮಾತ್ರ, ಬಳಿಯುವ ಕೂಲಿಗಲ್ಲ. ಬಿಲ್ಲಿನಲ್ಲಿ ಬೇರೆ ಮಾಡದೆ ಒಟ್ಟಿಗೆ ಬರೆದಿದ್ದರೆ ಕಾಲುಭಾಗವನ್ನು ಸಾಮಾನು ಅಂತ ಹಿಡಿಯಬೇಕು. ಅಂದರೆ 12,000ದಲ್ಲಿ ಸಾಮಾನು 3,000, ಅದರಲ್ಲಿ ಅರ್ಧ 1,500. ಅಷ್ಟೇ ಕಳೆಯಬೇಕಿತ್ತು. ಆ ಮನುಷ್ಯ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿದಾಗ ನನಗೆ ತಲೆ ತಿರುಗಿತು. ಅರ್ಜಿ ಬರೆದು, ಮೂರು ಸಲ ಓಡಾಡಿದ ಮೇಲೆ 4,500 ವಾಪಸ್ ಬಂತು. ಉಳಿದದ್ದು ನ್ಯಾಯವಾದ ಕಡಿತ, ಬಾಯಿ ಮುಚ್ಚಿಕೊಂಡೆ. ಆ ಹುಡುಗ ಹೇಳಿದ ಒಂದು ಸಾವಿರ ಇದೆಯಲ್ಲ, ಅದು ಇದೆಲ್ಲದರ ಮೇಲೆ ಬೇರೆ. ಪ್ರತಿ ಕ್ಲೇಮಿಗೂ ನಾವೇ ಕೊಡಬೇಕು. 1500 ಸಿಸಿ ದಾಟಿದ ಕಾರಾದರೆ ಎರಡು ಸಾವಿರ.

ಅದಕ್ಕೇ ಮತ್ತೆ ಹೇಳುತ್ತೇನೆ, ಎಸ್ಟಿಮೇಟ್ ಸಾಲು ಸಾಲಾಗಿ ಓದು, ಆಮೇಲೆ ಸಹಿ. ಅಳಿಯಂದಿರಿಗೂ ಹೇಳು, ಅವರದು ಅವಸರದ ಕೈ.

ಈಗ ಓಡಿಸುತ್ತಿದ್ದವನ ಕತೆ. ನಮ್ಮ ಷಡ್ಕರ ದೊಡ್ಡ ಮಗ. ಅವರು ಈ ಗ್ರೂಪಿನಲ್ಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಮದುವೆ ಓಡಾಟಕ್ಕೆ ಎರಡು ದಿನ ಅಂತ ತಗೊಂಡು ಹೋದವನು ಐದನೇ ದಿನ ಫೋನ್ ಮಾಡಿ "ದೊಡ್ಡಪ್ಪ, ಸಣ್ಣದಾಗಿ ತಾಗಿದೆ" ಅಂದ. ಸಣ್ಣದಂತೆ! ಅವನಪ್ಪ "ಇನ್ಶೂರೆನ್ಸ್ ಇದೆಯಲ್ಲ ಬಿಡಿ" ಅಂದರೇ ಹೊರತು ಎಷ್ಟಾಯಿತು ಅಂತ ಇವತ್ತಿನವರೆಗೂ ಕೇಳಿಲ್ಲ. ಮದುವೆಯಲ್ಲಿ ನಮಗೆ ಕೊಟ್ಟಿದ್ದು ಒಂದು ಟವೆಲ್ಲು. ಮುಂದಿನ ವರ್ಷ ನನ್ನ ನೋ ಕ್ಲೇಮ್ ಬೋನಸ್ಸೂ ಹೋಯಿತು, ಕಂತು ಜಾಸ್ತಿಯಾಯಿತು. ನಿಮ್ಮತ್ತೆ ಇದನ್ನು ಓದಿದರೆ "ಮತ್ತೆ ಶುರು ಮಾಡಿದಿರಾ" ಅಂತಾಳೆ. ಇರಲಿ. ಅದಕ್ಕಿಂತ ಹೊಟ್ಟೆ ಉರಿದದ್ದು, ಡೀಸೆಲ್ ಟ್ಯಾಂಕ್ ಖಾಲಿ ಮಾಡಿದ್ದ.

ಅಯ್ಯೋ, ಮುಖ್ಯವಾದದ್ದೇ ಮರೆತೆ ನೋಡು. ನಿನ್ನ ಪಾಲಿಸಿ ಕಾಗದ ತೆಗೆದು "ಝೀರೋ ಡೆಪ್ರಿಸಿಯೇಷನ್" ಅಥವಾ "ನಿಲ್ ಡೆಪ್ರಿಸಿಯೇಷನ್" ಅನ್ನುವ ಆಡ್-ಆನ್ ಇದೆಯಾ ನೋಡು. ಇದ್ದರೆ ಈ ಪ್ಲಾಸ್ಟಿಕ್, ಲೋಹ, ಪೇಂಟಿನ ಕಡಿತ ಯಾವುದೂ ನಿನಗಿಲ್ಲ. ಗ್ಯಾರೇಜಿನವನು ಹದಿನೈದು ಸಾವಿರ ಅಂದಿದ್ದು ಅದನ್ನು ನೋಡದೇ ಇರಬಹುದು. ಆದರೂ ಆ ಒಂದು ಸಾವಿರ ಕೊಡಲೇಬೇಕು, ನಟ್ಟು, ಬೋಲ್ಟು, ಆಯಿಲ್, ಕೂಲೆಂಟ್ ದುಡ್ಡೂ ಸಾಮಾನ್ಯವಾಗಿ ನಮ್ಮದೇ. ವರ್ಷಕ್ಕೆ ಇಷ್ಟೇ ಸಲ ಅನ್ನುವ ಮಿತಿಯೂ ಇರುತ್ತೆ. ಎಷ್ಟು ಅಂತ ಅದೇ ಕಾಗದದಲ್ಲಿ ನೋಡು. ನಾನು ಒಂದೆರಡು ಸಾವಿರ ಉಳಿಸೋಣ ಅಂತ ಆ ವರ್ಷವೇ ಅದನ್ನು ತೆಗೆಸಿದ್ದೆ. ಷಡ್ಕರ ಮಗನನ್ನು ಬೈದದ್ದರಲ್ಲಿ ಇದನ್ನು ಹೇಳಲಿಲ್ಲ.

ಇಲ್ಲದಿದ್ದರೆ ಹೀಗೆ ಮಾಡು. ಸರ್ವೇಯರ್ ಬಂದು ನೋಡುವ ಮುಂಚೆ ಪಾರ್ಟು ಬಿಚ್ಚಲು ಬಿಡಬೇಡ. ಪೇಂಟಿನ ಸಾಮಾನು, ಕೂಲಿ ಬೇರೆ ಬೇರೆ ಬರೆಯಲು ಹೇಳು. ಮುಂದಿನ ಫೆಂಡರ್ ಬಡಿದು ಸರಿಹೋಗುತ್ತದಾ, ಹೊಸದೇ ಬೇಕಾ ಅಂತ ಸರ್ವೇಯರ್ ಇರುವಾಗಲೇ ಕೇಳು. ನಿನ್ನ ಕಾರಿಗೆ ಎರಡೂವರೆ ವರ್ಷ, ಲೋಹಕ್ಕೆ ಬರೀ 15, ಅಲ್ಲಿ ಜಾಸ್ತಿ ಹೋಗಲ್ಲ. ಹೋಗುವುದೆಲ್ಲ ಬಂಪರ್, ಹೆಡ್‌ಲೈಟ್‌ನಲ್ಲೇ. ಕಡಿತದ ಲೆಕ್ಕ ಬಂದ ಮೇಲೆ ಸರ್ವೇಯರ್ ಅಸೆಸ್‌ಮೆಂಟ್ ಶೀಟ್ ಕೇಳಿ ತಗೋ, ಪೇಂಟಿನ ಸಾಲು ನೋಡು.

ಎಸ್ಟಿಮೇಟ್ ಫೋಟೊ ತೆಗೆದು ನನಗೆ ಬೇರೆಯಾಗಿ ಕಳಿಸು, ಗ್ರೂಪಿಗೆ ಬೇಡ. ನಾಳೆ ಬೆಳಗ್ಗೆ ಆ ಜಗಲಿಯವರಿಗೆ ತೋರಿಸಿ ಫೋನ್ ಮಾಡುತ್ತೇನೆ.